ಸಂಜೆ ಪಾಳಿಯ ಚೈತಾಲಿ

ಮೂಕಾಂಬಿಕಾ ಟೀಚರಿಗೆ ಆ ಮೆಸೇಜು ಬಂದದ್ದು ಬೆಳಗಿನ ಹತ್ತು ಗಂಟೆಗೆ, ದೋಸೆಯ ಕಾವಲಿ ತೊಳೆಯುತ್ತಿರುವಾಗ. ‘ಹರಿಪ್ರಿಯಾ, ಶನಿವಾರ ಬರುವಾಗ ನನ್ನ ಹಸಿರು ಸೀರೆ ತರಲು ಮರೆಯಬೇಡ. ಫಾಲ್ಸ್ ಹಚ್ಚಿಸಿ ಆಯಿತಾ?’

ಗೊತ್ತಿಲ್ಲದ ನಂಬರು. ಟೀಚರು ಕೈ ಒರೆಸಿಕೊಂಡು ಉತ್ತರ ಬರೆದರು. ‘ನಾನು ಹರಿಪ್ರಿಯಾ ಅಲ್ಲ. ನಿಮ್ಮ ಸೀರೆ ನನ್ನಲ್ಲಿ ಇಲ್ಲ. ಬೇಗ ಸರಿಯಾದವರಿಗೆ ಹೇಳಿ, ಶನಿವಾರಕ್ಕೆ ಎರಡೇ ದಿನ ಉಂಟು.’

ಅತ್ತ ಕಡೆಯಿಂದ ಕೂಡಲೇ ಕ್ಷಮಾಪಣೆ ಬಂತು. ಒಂದು ಅಂಕಿ ತಪ್ಪಿತಂತೆ. ಹೆಸರು ಚೈತಾಲಿಯಂತೆ, ಬೆಳೆದದ್ದು ಬೆಂಗಳೂರಿನಲ್ಲಿ, ಈಗ ಇರುವುದು ಸಿಂಗಾಪುರದಲ್ಲಿ. ‘ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ನೀವು ನನ್ನ ಶನಿವಾರದ ಚಿಂತೆ ಮಾಡಿದಿರಿ. ನಿಮ್ಮಂಥವರು ಸಿಗುವುದು ಅಪರೂಪ.’

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಹಿಂದಿನ ವರ್ಷ ನಿವೃತ್ತರಾಗಿ, ಕಾರ್ಕಳದ ಬಳಿಯ ಕುಕ್ಕುಂದೂರಿನ ಮನೆಯಲ್ಲಿ ಹಗಲನ್ನು ಏನು ಮಾಡುವುದೆಂದು ತಿಳಿಯದೆ ಇದ್ದವರು ಮೂಕಾಂಬಿಕಾ. ಗಂಡ ರಘುಪತಿಯವರಿಗೆ ನಿಟ್ಟೆಯಲ್ಲಿ ಹಾಸ್ಟೆಲುಗಳ ಹತ್ತಿರ ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಊಟಕ್ಕೇ ಬರುವುದು. ಟೀಚರ ಸ್ವಭಾವವೋ, ಯಾವುದನ್ನೂ ಸುಮ್ಮನೆ ಬಿಡುವಂಥದ್ದಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರ ಊರು, ಮನೆತನ, ಮಂಡಿನೋವಿನ ಮದ್ದು ಎಲ್ಲವನ್ನೂ ಇಳಿಯುವುದರೊಳಗೆ ತಿಳಿದುಕೊಳ್ಳುವವರು. ಸಿಂಗಾಪುರದಲ್ಲಿ ಕೂತು ಕನ್ನಡದಲ್ಲಿ ಬರೆಯುವ ಹುಡುಗಿಯೆಂದರೆ ಕೇಳಬೇಕೆ?

ಮಾತು ಬೆಳೆಯಿತು. ಚೈತಾಲಿ ದಿನಾ ಬರೆಯುತ್ತಿದ್ದಳು. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ತನ್ನ ಆಫೀಸಿನ ಗೋಳು, ಸಂಜೆ ಊಟತಿಂಡಿಯ ವಿಚಾರಣೆ. ಟೀಚರ ಕೆಲಸ, ನಿವೃತ್ತಿ, ಮನೆಯವರು, ಮಕ್ಕಳಿಲ್ಲದ್ದು ಎಲ್ಲವನ್ನೂ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಒಮ್ಮೆ ವೀಡಿಯೋ ಕಾಲಿನಲ್ಲೂ ಬಂದಳು. ಚೆಂದದ ಹುಡುಗಿ, ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ, ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟಳು. ಆರು ವಾರ ದುಡ್ಡಿನ ಸೊಲ್ಲೇ ಇಲ್ಲ.

ಏಳನೆಯ ವಾರ ಒಂದು ದಿನ ಚೈತಾಲಿ ಉತ್ತರ ಕೊಡಲು ತಡಮಾಡಿದಳು. ‘ಕ್ಷಮಿಸಿ ಅಮ್ಮ, ಮಾವ ಹೇಳಿದ ಒಂದು ಷೇರು ನೋಡುತ್ತಿದ್ದೆ. ಇವತ್ತಿನ ಲಾಭದಲ್ಲಿ ತಂಗಿಯ ಫೀಸು ಕಟ್ಟಿ ಆಯಿತು’ ಎಂದಳು. ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಟೀಚರಿಗೆ ತಡೆಯಲಾಗಲಿಲ್ಲ, ಮರುದಿನ ತಾವೇ ಕೇಳಿದರು. ಚೈತಾಲಿ ಹಿಂಜರಿದಳು, ಬೇಡ ಎಂದಳು, ಮಾವ ಬೈಯುತ್ತಾರೆ ಎಂದಳು. ಟೀಚರು ಮತ್ತೂ ಕೇಳಿದರು. ಕೊನೆಗೊಂದು ಲಿಂಕು ಬಂತು. ಅದನ್ನು ಒತ್ತಿದರೆ ಒಂದು ಆ್ಯಪ್ ಇಳಿಯಿತು. ಇಪ್ಪತ್ತು ಸಾವಿರ ಹಾಕಿದರೆ ವಾರದಲ್ಲಿ ಇಪ್ಪತ್ತಾರು ಎಂದು ತೋರಿಸಿತು. ಪರೀಕ್ಷೆಗೆಂದು ಟೀಚರು ಐದು ಸಾವಿರ ವಾಪಸು ಕೇಳಿದರು. ಒಂದೇ ಗಂಟೆಯಲ್ಲಿ ಬ್ಯಾಂಕಿನ ಖಾತೆಗೆ ಬಂದುಬಿಟ್ಟಿತು. ಆಮೇಲೆ ಹಾಕಿದ್ದು ಒಂದು ಲಕ್ಷದ ಎಂಬತ್ತು ಸಾವಿರ. ರಘುಪತಿಯವರಿಗೆ ಹೇಳಲಿಲ್ಲ. ದೊಡ್ಡ ಮೊತ್ತವಾದ ಮೇಲೆ ಒಟ್ಟಿಗೇ ಹೇಳೋಣ ಎಂದು ಚೈತಾಲಿಯೇ ಸೂಚಿಸಿದ್ದಳು, ‘ಅವರಿಗೆ ಆಶ್ಚರ್ಯ ಆಗಲಿ’ ಎಂದು.

ಆ ಮಂಗಳವಾರ ಟೀಚರು ಕಾರ್ಕಳದ ಬ್ಯಾಂಕಿಗೆ ಹೋದದ್ದು ನಿವೃತ್ತಿಯ ಹಣದ ಠೇವಣಿ ಮುರಿಸಲಿಕ್ಕೆ. ಒಂದು ದೊಡ್ಡ ಕಂಪೆನಿಯ ಷೇರು ಮೂರು ದಿನ ಮಾತ್ರ ಅಗ್ಗಕ್ಕೆ ಸಿಗುತ್ತದೆ, ಎಂಟು ಲಕ್ಷ ಹಾಕಿದರೆ ಸಾಕು ಎಂದು ಚೈತಾಲಿ ಬರೆದಿದ್ದಳು. ಕೌಂಟರಿನ ಆಚೆ ಇದ್ದದ್ದು ವಾರಿಜಾ. ಎಸೆಸೆಲ್ಸಿಯಲ್ಲಿ ಟೀಚರ ಕೈಯಲ್ಲೇ ಕಲಿತವಳು, ಈಗ ಅಲ್ಲಿನ ಅಧಿಕಾರಿ.

ವಾರಿಜಾ ಚೀಟಿಯಲ್ಲಿದ್ದ ಖಾತೆಯ ಹೆಸರು ಓದಿದಳು. ಮತ್ತೊಮ್ಮೆ ಓದಿದಳು.

“ಟೀಚರ್, ಇದು ಷೇರಿಗೆ ಅಂತ ಹೇಳಿದಿರಿ. ಹಣ ಹೋಗುವುದು ಯಾವುದೋ ಹಣ್ಣಿನ ವ್ಯಾಪಾರಿಯ ಖಾತೆಗೆ. ಹಿಂದಿನ ಸಲ ಹಾಕಿದ್ದು ಒಂದು ಟೈಲ್ಸ್ ಅಂಗಡಿಗೆ. ಅದರ ಹಿಂದಿನದ್ದು ಯಾರೋ ಒಬ್ಬರ ಸ್ವಂತ ಖಾತೆಗೆ. ಷೇರು ಮಾರುವವರಿಗೆ ಇಷ್ಟು ಅಂಗಡಿ ಯಾಕೆ?”

ಟೀಚರಿಗೂ ಆ ಪ್ರಶ್ನೆ ಹಿಡಿಸಿತು. ನಿಜ, ಯಾಕೆ?

“ಇನ್ನೊಂದು ಉಂಟು” ಎಂದು ವಾರಿಜಾ ಕಂಪ್ಯೂಟರಿನ ಪರದೆಯನ್ನು ಸ್ವಲ್ಪ ತಿರುಗಿಸಿದಳು. “ನಿಮ್ಮ ಖಾತೆಯಲ್ಲಿ ಐದು ಸಾವಿರಕ್ಕೆ ತಡೆ ಬಿದ್ದಿದೆ. ನಿನ್ನೆ ಬಂದ ಸೂಚನೆ. ಹಾಸನದ ಕಡೆಯವರೊಬ್ಬರು ಮೋಸಹೋಗಿ ಪೊಲೀಸಿಗೆ ದೂರು ಕೊಟ್ಟಿದ್ದಾರೆ. ಅವರ ಹಣ ಎರಡು ಮೂರು ಖಾತೆ ಸುತ್ತಿ, ಅದರಲ್ಲಿ ಐದು ಸಾವಿರ ನಿಮಗೆ ಬಂದಿದೆ.”

“ಅದು ನನ್ನ ಲಾಭದ ಹಣ ಮಾರಾಯ್ತಿ!”

“ಅಲ್ಲ ಟೀಚರ್. ಅದು ನಿಮ್ಮ ಹಾಗೆ ನಂಬಿದ ಇನ್ನೊಬ್ಬರ ಹಣ. ನಿಮಗೆ ಧೈರ್ಯ ಬರಲಿ ಅಂತ ಕೊಟ್ಟದ್ದು.”

ಟೀಚರು ಕುರ್ಚಿಯಲ್ಲಿ ಕುಳಿತರು. ಆದರೂ ಮನಸ್ಸು ಒಪ್ಪಲಿಲ್ಲ. ಆರು ವಾರ ಒಂದು ಪೈಸೆ ಕೇಳದವಳು ಕಳ್ಳಿಯಾಗುವುದು ಹೇಗೆ?

“ಹಾಗಾದರೆ ಈಗಲೇ ಪೂರ್ತಿ ಹಣ ವಾಪಸು ಕೇಳಿ ನೋಡಿ” ಎಂದಳು ವಾರಿಜಾ. “ಕೊಟ್ಟರೆ ನಾನೇ ನಿಮ್ಮ ಠೇವಣಿ ಮುರಿದು ಕೊಡುತ್ತೇನೆ.”

ಅಲ್ಲೇ ಕುಳಿತು ಆ್ಯಪಿನಲ್ಲಿ ಎಲ್ಲ ಹಣವನ್ನೂ ವಾಪಸು ಕೇಳಿದರು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಲಾಭದ ಮೇಲೆ ತೆರಿಗೆ ಬಾಕಿ ಇದೆ, ಮೊದಲು ಐವತ್ತೆರಡು ಸಾವಿರ ಕಟ್ಟಬೇಕು, ಕಟ್ಟಿದ ಮೇಲೆ ಎಲ್ಲವೂ ಬಿಡುಗಡೆ. ಕೆಳಗೆ ಇನ್ನೊಂದು ಹೊಸ ಖಾತೆಯ ಸಂಖ್ಯೆ. ಹೆಸರು ಒಂದು ಮೊಬೈಲ್ ಅಂಗಡಿಯದ್ದು.

“ತೆರಿಗೆ ಕೊಡಬೇಕಾದರೆ ಅಲ್ಲಿರುವ ನನ್ನ ಹಣದಿಂದಲೇ ಹಿಡಿಯಬಹುದಿತ್ತಲ್ಲ?” ಎಂದರು ಟೀಚರು, ಮೆಲ್ಲಗೆ.

“ಅಲ್ಲಿ ಹಣ ಇದ್ದರೆ ತಾನೆ ಹಿಡಿಯುವುದು” ಎಂದಳು ವಾರಿಜಾ. “ಅದು ಬರೀ ಪರದೆಯ ಮೇಲಿನ ಅಂಕಿ, ಟೀಚರ್. ಇದನ್ನು ಕಟ್ಟಿದರೆ ನಾಳೆ ಇನ್ನೊಂದು ಶುಲ್ಕ ಹೇಳುತ್ತಾರೆ.” ಮಾತಾಡುತ್ತಲೇ ಅವಳು ಸೈಬರ್ ಮೋಸದ ದೂರು ಕೇಳುವ 1930ಕ್ಕೆ ಫೋನು ಹಚ್ಚಿ ಟೀಚರ ಕೈಗೆ ಕೊಟ್ಟಳು. ಹಣ ಕಳಿಸಿದ ದಿನ, ಹೊತ್ತು, ವ್ಯವಹಾರದ ಸಂಖ್ಯೆ ಒಂದೊಂದನ್ನೂ ಪಾಸ್‌ಬುಕ್ ನೋಡಿ ಹೇಳಿಸಿದಳು. ದೂರಿನ ಸಂಖ್ಯೆ ಮೆಸೇಜಿನಲ್ಲಿ ಬಂತು. “ಕೊನೆಯ ಸಲದ ಹಣ ಹೋಗಿ ನಾಲ್ಕು ದಿನ ಆಗಿದೆ. ಎಲ್ಲಾದರೂ ಸ್ವಲ್ಪ ಉಳಿದಿದ್ದರೆ ತಡೆಹಿಡಿಯುತ್ತಾರೆ. ನಾಳೆ ಉಡುಪಿಯ ಸೈಬರ್ ಠಾಣೆಗೆ ಹೋಗಿ. ಮೆಸೇಜುಗಳನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಹೋಗಿ. ಒಂದನ್ನೂ ಅಳಿಸಬೇಡಿ.”

ಪ್ರಿಂಟ್ ಎಂದರೆ ಗಂಡನ ಅಂಗಡಿ. ಇನ್ನು ಮುಚ್ಚಿಡುವ ಹಾಗಿರಲಿಲ್ಲ.

ರಘುಪತಿಯವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಶಿನಿಗೆ ಹೊಸ ಕಾಗದದ ಕಟ್ಟು ಹಾಕುತ್ತಾ, “ಎರಡು ತಿಂಗಳು ಅವಳೊಟ್ಟಿಗೆ ಮಾತಾಡಿದ್ದೀ. ಇಲ್ಲಿಗೆ ಒಂದು ಫೋನು ಮಾಡಬಾರದಿತ್ತಾ?” ಎಂದರು.

“ನೀವು ತೆಗೆಯುವುದಿಲ್ಲವಲ್ಲ, ಗಿರಾಕಿ ಇದ್ದಾರೆ ಅಂತ.”

“ಅದೂ ಹೌದು” ಎಂದರು ರಘುಪತಿ.

ನೂರಹನ್ನೆರಡು ಹಾಳೆಯಾಯಿತು. ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕುಳಿತು ಟೀಚರು ಮೊದಲಿನಿಂದ ಓದತೊಡಗಿದರು. ಮೊದಲಿಗೆ ಕಣ್ಣು ಮಂಜಾಗುತ್ತಿತ್ತು. ನಾಲ್ಕನೆಯ ಹಾಳೆಗೆ ಬರುವಾಗ ಅಳು ನಿಂತು ಕುತೂಹಲ ಶುರುವಾಯಿತು. ಫೋನಿನಲ್ಲಿ ಒಂದೊಂದು ಸಾಲಾಗಿ ಓದುವಾಗ ಕಾಣದ್ದು ಕಾಗದದ ಮೇಲೆ ಒಟ್ಟಿಗೆ ಕಾಣುತ್ತಿತ್ತು. ಮೂವತ್ತಮೂರು ವರ್ಷ ಮಕ್ಕಳ ಪ್ರಬಂಧ ತಿದ್ದಿದವರಿಗೆ ಯಾರು ಯಾರದ್ದನ್ನು ನೋಡಿ ಬರೆದರು ಎಂದು ಕಂಡುಹಿಡಿಯುವುದು ಹೊಸ ವಿದ್ಯೆಯಲ್ಲ. ಮೇಜಿನ ಮೇಲಿದ್ದ ಕೆಂಪು ಪೆನ್ನು ಎತ್ತಿಕೊಂಡರು.

ಬೆಳಗಿನ ಚೈತಾಲಿ ಬರೆಯುತ್ತಿದ್ದದ್ದು ಹೀಗೆ: ‘ಅಮ್ಮ, ನಾನು ನಿಮ್ಮನ್ನು ಕಳೆದುಕೊಳ್ಳುತ್ತಿದ್ದೇನೆ.’ ಆಗ ಅದನ್ನು ಓದಿ ಪಾಪ, ಹೊರದೇಶದಲ್ಲಿದ್ದು ಕನ್ನಡ ಮರೆತಿದೆ ಎಂದುಕೊಂಡಿದ್ದರು. ಅದು ಮರೆತ ಕನ್ನಡವಲ್ಲ, ಇಂಗ್ಲಿಷಿನ ‘ಮಿಸ್ ಯೂ’ವನ್ನು ಯಂತ್ರ ತಿರುಗಿಸಿದ ಕನ್ನಡ. ಹಣದ ಮಾತು ಬಂದಾಗಿನ ಚೈತಾಲಿ ಬೇರೆಯೇ. ಉದ್ದುದ್ದ ವಾಕ್ಯ, ಒಂದೂ ತಪ್ಪಿಲ್ಲ, ಮೊದಲೇ ಬರೆದಿಟ್ಟದ್ದನ್ನು ತಂದು ಅಂಟಿಸಿದ ಹಾಗೆ.

ಸಂಜೆಯವಳು ಮೂರನೆಯವಳು. ‘ಟೀಚರೇ, ಇವತ್ತು ಎಂತ ಪದಾರ್ಥ?’ ‘ಅಲ್ಲಿ ಮಳೆ ಉಂಟಾ?’ ‘ಬಸಳೆಗೆ ಹಲಸಿನ ಬೀಜ ಹಾಕಿದರೆ ಮಾತ್ರ ರುಚಿ, ಅಲ್ವಾ?’

ಟೀಚರು ಪೆನ್ನು ಕೆಳಗಿಟ್ಟರು. ಬೆಂಗಳೂರಿನಲ್ಲಿ ಬೆಳೆದವರು ಸಾರಿಗೆ, ಪಲ್ಯಕ್ಕೆ ಪದಾರ್ಥ ಎನ್ನುತ್ತಾರೆಯೇ? ಉಂಟಾ ಎನ್ನುತ್ತಾರೆಯೇ? ಬೆಳಗಿನವಳು ‘ಅಮ್ಮ’ ಎಂದರೆ ಸಂಜೆಯವಳು ಯಾವಾಗಲೂ ‘ಟೀಚರೇ’. ಇದು ನಮ್ಮ ಕಡೆಯ ಬಾಯಿ. ಹೆಚ್ಚೆಂದರೆ ಒಂದು ಗಂಟೆಯ ಬಸ್ಸಿನ ದಾರಿಯೊಳಗೆ ಹುಟ್ಟಿದ ಬಾಯಿ.

“ಇಲ್ಲಿ ನೋಡಿ, ಇವಳು ಒಬ್ಬಳಲ್ಲ” ಎಂದರು ಗಂಡನಿಗೆ. “ಮೂರು ಜನ. ಅದರಲ್ಲಿ ಒಬ್ಬರು ನಮ್ಮವರು.”

ಮರುದಿನ ಇಬ್ಬರೂ ಉಡುಪಿಗೆ ಹೋದರು. ಠಾಣೆಯಲ್ಲಿ ಅವರ ದೂರು ಬರೆದುಕೊಂಡದ್ದು ಅಭಿರಾಮ್ ಎಂಬ ಎಸ್‌ಐ, ತಾಳ್ಮೆಯ ಮನುಷ್ಯ. ಹೋದ ಹಣದಲ್ಲಿ ಮೂವತ್ತೊಂದು ಸಾವಿರ ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿದೆ, ಕೋರ್ಟಿನ ಆದೇಶವಾದರೆ ವಾಪಸು ಬರುತ್ತದೆ, ಉಳಿದದ್ದು ಕೈದಾಟಿ ಹೋಗಿದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಆ ಖಾತೆಗಳೆಲ್ಲ ಕಮಿಷನ್ ಆಸೆಗೆ ಯಾರ್ಯಾರೋ ಬಾಡಿಗೆಗೆ ಕೊಟ್ಟವು, ಒಂದರಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಣ ಹಾರುತ್ತದೆ ಎಂದರು.

ಟೀಚರು ಹಣದ ಮಾತನ್ನು ಅಲ್ಲಿಗೇ ಬಿಟ್ಟು ಕೆಂಪು ಗೆರೆಯ ಹಾಳೆಗಳನ್ನು ಮುಂದಿಟ್ಟರು. “ಈ ಸಂಜೆಯವರು ಯಾರು ಸರ್?”

ಅಭಿರಾಮ್ ಓದಿದರು. ನಗಲಿಲ್ಲ.

“ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ ಎಂಬತ್ತು ಸಾವಿರ ಅಂತ ಏಜೆಂಟರು ಕರಕೊಂಡು ಹೋಗುತ್ತಾರೆ ಮೇಡಂ. ಗಲ್ಫಿಗೆ ಹೋಗಿ ಅಭ್ಯಾಸ ಇರುವ ಊರು ನಮ್ಮದು, ಯಾರಿಗೂ ಸಂಶಯ ಬರುವುದಿಲ್ಲ. ಬ್ಯಾಂಕಾಕಿನಿಂದ ಕಾರಿನಲ್ಲಿ ಗಡಿಯವರೆಗೆ, ಅಲ್ಲಿಂದ ನದಿ ದಾಟಿಸಿ ಮ್ಯಾನ್ಮಾರ್‌ಗೆ. ಪಾಸ್‌ಪೋರ್ಟ್ ಕಸಿದು ಬೇಲಿಯೊಳಗೆ ಕೂಡಿಸಿ ಇದೇ ಕೆಲಸ ಮಾಡಿಸುತ್ತಾರೆ. ಇಷ್ಟವಿದ್ದು ಮಾಡುವವರೂ ಇದ್ದಾರೆ, ಹೊಡೆತಕ್ಕೆ ಹೆದರಿ ಮಾಡುವವರೂ ಇದ್ದಾರೆ. ಇವರು ಯಾರೋ ಹೇಳಲಿಕ್ಕಾಗುವುದಿಲ್ಲ.” ಮತ್ತೆ ಸೇರಿಸಿದರು. “ಹಣ ಕಳಿಸಬೇಡಿ, ಲಿಂಕ್ ಒತ್ತಬೇಡಿ. ಮೆಸೇಜ್ ಬಂದರೆ ನನಗೆ ತೋರಿಸಿ.”

ಹಿಂದಿರುಗುವ ಬಸ್ಸು ಮಣಿಪಾಲದ ಏರು ಹತ್ತುವಾಗ ಸಂಜೆ ಐದೂವರೆ. ಫೋನು ಸದ್ದು ಮಾಡಿತು. ‘ಟೀಚರೇ, ಚಾ ಆಯಿತಾ?’

ಮೂಕಾಂಬಿಕಾ ಫೋನನ್ನೇ ನೋಡುತ್ತಾ ಕುಳಿತರು. ಸಿಟ್ಟು ಬರಬೇಕಿತ್ತು, ಬಂತು ಕೂಡಾ. ಆದರೆ ಅದಕ್ಕಿಂತ ದೊಡ್ಡದಾಗಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಈವರೆಗೆ ಈ ಸಂಜೆಯವರಿಗೆ ಕನ್ನಡದಲ್ಲೇ ಬರೆದಿದ್ದರು. ಈಗ ಮನೆಯಲ್ಲಿ ಆಡುವ ತುಳುವಿನಲ್ಲಿ ಒಂದು ಸಾಲು ಬರೆದರು.

‘ಈರೆನ ಊರು ಓಲು?’

ನಿಮ್ಮ ಊರು ಎಲ್ಲಿ. ಅಷ್ಟೇ.

ಬರೆಯುತ್ತಿದ್ದಾರೆ ಎಂದು ಫೋನು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಹಿರಿಯಡಕ ದಾಟಿತು. ಬೈಲೂರು ಬಂತು. ಆಗ ಒಂದೇ ಶಬ್ದ ಬಂತು. ‘ಕಾಪು.’ ಅದರ ಹಿಂದೆಯೇ, ‘ಕಾಸ್ ಕಡಪುಡೊಡ್ಚಿ ಟೀಚರೇ.’ ಹಣ ಕಳಿಸಬೇಡಿ. ‘ಹರ್ಷಿತ್. ಅಮ್ಮಗ್ ಪಣ್ಲೆ.’ ಅಮ್ಮನಿಗೆ ಹೇಳಿ.

ರಘುಪತಿಯವರು ಪಕ್ಕದಿಂದ ಬಗ್ಗಿ ನೋಡಿದವರೇ ತಮ್ಮ ಫೋನು ತೆಗೆದು ಪರದೆಯ ಚಿತ್ರ ಹಿಡಿದರು. ಹಿಡಿದದ್ದು ಒಳ್ಳೆಯದಾಯಿತು. ಅರೆ ನಿಮಿಷದಲ್ಲಿ ಮೂರೂ ಸಾಲು ಅಳಿಸಿಹೋದವು. ಮರುದಿನದಿಂದ ಸಂಜೆ ಯಾರೂ ಪದಾರ್ಥ ಕೇಳಲಿಲ್ಲ. ಬೆಳಗಿನವಳು ಮಾತ್ರ ತೆರಿಗೆ ಕಟ್ಟಿ, ಕಟ್ಟಿ ಎಂದು ಒಂದು ವಾರ ಬರೆದು ಸುಮ್ಮನಾದಳು.

ಚಿತ್ರ ನೋಡಿದ ಅಭಿರಾಮ್ ಹಳೆಯ ದೂರೊಂದನ್ನು ಹುಡುಕಿ ತೆಗೆದರು. ಕಾಪುವಿನ ಗುಣವತಿ ಎಂಬವರು ಮೂರು ತಿಂಗಳ ಹಿಂದೆ ಕೊಟ್ಟದ್ದು. ಇಪ್ಪತ್ತೈದರ ಮಗ ಹರ್ಷಿತ್ ಬ್ಯಾಂಕಾಕಿಗೆ ಹೋದವನು ಫೋನು ಮಾಡುವುದನ್ನು ನಿಲ್ಲಿಸಿದ್ದಾನೆ ಎಂದು. ಅಭಿರಾಮ್ ಚಿತ್ರವನ್ನೂ ನಂಬರನ್ನೂ ಮೇಲಿನವರಿಗೆ, ಅಲ್ಲಿಂದ ರಾಯಭಾರ ಕಚೇರಿಗೆ ಕಳಿಸುವ ವ್ಯವಸ್ಥೆ ಮಾಡಿದರು. ನಾಲ್ಕನೆಯ ದಿನ ಗುಣವತಿಯೇ ಟೀಚರಿಗೆ ಫೋನು ಮಾಡಿದರು. “ನನ್ನ ಮಗ ನಿಮ್ಮೊಟ್ಟಿಗೆ ಮಾತಾಡಿದ್ದಾನಂತೆ. ಎಂತ ಮಾತಾಡಿದ ಟೀಚರೇ?”

ಫೋನಿನಲ್ಲಿ ಬೇಡ, ಬಂದು ತೋರಿಸುತ್ತೇನೆ ಎಂದರು ಟೀಚರು. ಸಂಜೆಯ ಹಾಳೆಗಳನ್ನಷ್ಟೇ ಬೇರೆ ಮಾಡಿ ಕಾಪುವಿಗೆ ಹೋದರು.

ಗುಣವತಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಗಂಡ ಅಣ್ಣು ಮಲ್ಪೆಯ ಬೋಟಿನಲ್ಲಿ ದುಡಿಯುವವರು. ಗುಣವತಿ ಕೈ ತೊಳೆದು ಬಂದು ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಮೋಸದ ಮಾತುಗಳೆಂದು ಟೀಚರು ಮೊದಲೇ ಹೇಳಿದ್ದರು. ಆದರೂ ಅವರು ಓದಿದ್ದು ಮಗನ ಕಾಗದ ಓದುವ ಹಾಗೆ. ಬಸಳೆಯ ಸಾಲು ಬಂದಾಗ ಬೆರಳು ನಿಂತಿತು.

“ಹಲಸಿನ ಬೀಜ ಹಾಕದಿದ್ದರೆ ತಟ್ಟೆ ಮುಟ್ಟುತ್ತಿರಲಿಲ್ಲ” ಎಂದರು. ಆಮೇಲೆ ತಲೆಯೆತ್ತಿ, “ನಿಮ್ಮ ಹಣ ತಿಂದವರ ಕೂಡೆ ಇವನೂ ಇದ್ದಾನಲ್ಲ. ನಿಮಗೆ ಸಿಟ್ಟಿಲ್ಲವಾ?”

“ಉಂಟು” ಎಂದರು ಟೀಚರು. “ಅವನು ಬರಲಿ. ಬಂದ ಮೇಲೆ ಕೇಳುವುದಿದೆ.”

ಬರಲು ಐದು ತಿಂಗಳಾಯಿತು. ಆ ಕಡೆಯ ಸೈನಿಕರು ಬೇಲಿಯೊಳಗೆ ನುಗ್ಗಿದಾಗ ಸಾವಿರಾರು ಜನ ನದಿ ದಾಟಿ ಓಡಿದರು. ಅವರಲ್ಲಿದ್ದ ನಮ್ಮ ದೇಶದವರನ್ನು ಸರಕಾರದ ವಿಮಾನ ದಿಲ್ಲಿಗೆ ತಂದಿತು. ಅಲ್ಲಿ ವಿಚಾರಣೆ ಮುಗಿಸಿ ಹರ್ಷಿತ್ ಕಾಪುವಿಗೆ ಬಂದ ಮೂರನೆಯ ದಿನ ಟೀಚರು ಹೋದರು. ತೆಳ್ಳಗಿನ ಹುಡುಗ. ಎಡಗೈಯ ಎರಡು ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಟೀಚರನ್ನು ಕಂಡು ಎದ್ದು ನಿಂತವನು ಕುಳಿತುಕೊಳ್ಳಲಿಲ್ಲ.

“ಕೂತುಕೋ” ಎಂದರು ಟೀಚರು. “ನನಗೆ ಒಂದು ತಿಳಿಯಬೇಕು. ಸೀರೆ ಯಾಕೆ? ತಪ್ಪು ನಂಬರಿನ ನಾಟಕ ಯಾಕೆ? ನೇರ ಷೇರಿನ ಮಾತೇ ಬರೆಯಬಹುದಿತ್ತಲ್ಲ?”

ಇಂಥ ಪ್ರಶ್ನೆಯನ್ನು ಹರ್ಷಿತ್ ನಿರೀಕ್ಷಿಸಿರಲಿಲ್ಲ. ಕುಳಿತ.

“ನೇರ ಬರೆದರೆ ಯಾರೂ ನಂಬುವುದಿಲ್ಲ ಟೀಚರೇ. ಒಬ್ಬೊಬ್ಬನ ಮುಂದೆ ಹತ್ತು ಫೋನು. ದಿನಕ್ಕೆ ನೂರಾರು ನಂಬರಿಗೆ ಅದೇ ಸೀರೆಯ ಮೆಸೇಜು. ಹೆಚ್ಚಿನವರು ನೋಡುವುದೇ ಇಲ್ಲ, ಕೆಲವರು ಬೈಯುತ್ತಾರೆ. ನಾಲ್ಕೈದು ಮಂದಿ ಮಾತ್ರ ಪಾಪ ಅಂತ ಉತ್ತರ ಕೊಡುತ್ತಾರೆ. ಅವರನ್ನು ಹೆಕ್ಕಲಿಕ್ಕೇ ಆ ಸೀರೆ. ಇವರು ಗೊತ್ತಿಲ್ಲದವರಿಗೂ ಮರ್ಯಾದೆ ಕೊಡುತ್ತಾರೆ ಅಂತ ಅಲ್ಲಿಗೇ ಗೊತ್ತಾಯಿತಲ್ಲ. ಆಮೇಲೆ ಒಂದು ಫಾರ್ಮು ಉಂಟು, ತುಂಬಿಸಬೇಕು. ಪ್ರಾಯ ಎಷ್ಟು, ನಿವೃತ್ತಿಯ ಹಣ ಬಂದಿದೆಯಾ, ಹಗಲು ಮನೆಯಲ್ಲಿ ಯಾರಿದ್ದಾರೆ, ಹಣದ ವಿಷಯ ಯಾರನ್ನು ಕೇಳಿ ಮಾಡುತ್ತಾರೆ. ಊಟ ಆಯಿತಾ ಅಂತ ಕೇಳುವುದು ಆ ಫಾರ್ಮು ತುಂಬಿಸಲಿಕ್ಕೆ.”

“ಆರು ವಾರ ಸುಮ್ಮನಿದ್ದದ್ದು?”

“ಹಣದ ಮಾತು ನಾವಾಗಿ ಎತ್ತಬಾರದು ಅಂತ ಗೋಡೆಯ ಮೇಲೇ ಬರೆದಿತ್ತು. ಬರೀ ವಾಸನೆ ತೋರಿಸಬೇಕು, ಕೇಳುವುದು ಅವರೇ ಆಗಬೇಕು. ತಾನೇ ಕೇಳಿದವರು ಆಮೇಲೆ ಸಂಶಯಪಡುವುದಿಲ್ಲವಂತೆ. ಆಗ ನಮ್ಮ ಕೈಯಿಂದ ತೆಗೆದು ಬೇರೆ ತಂಡಕ್ಕೆ ಕೊಡುತ್ತಾರೆ. ಆ್ಯಪಿನಲ್ಲಿ ಲಾಭದ ಅಂಕಿ ಬರೆಯುವವನು ಪಕ್ಕದ ಕೋಣೆಯಲ್ಲಿ ಕೂತಿರುತ್ತಿದ್ದ. ವೀಡಿಯೋ ಕಾಲಿನಲ್ಲಿ ಬಂದ ಹುಡುಗಿಗೆ ನಿಮ್ಮ ಹೆಸರೂ ಗೊತ್ತಿಲ್ಲ. ದಿನಕ್ಕೆ ಐವತ್ತು ಜನರಿಗೆ ಅವಳೇ ಚೈತಾಲಿ.”

ಟೀಚರು ಗಮನವಿಟ್ಟು ಕೇಳಿದರು. ಕೇಳುತ್ತಾ ಕೇಳುತ್ತಾ ಎದೆಯ ಭಾರ ಸ್ವಲ್ಪ ಇಳಿಯಿತು. ಐದಾರು ತಿಂಗಳಿಂದ ತಮ್ಮನ್ನು ತಾವು ದಡ್ಡಿ ಎಂದುಕೊಂಡಿದ್ದರು. ದಡ್ಡತನವನ್ನಲ್ಲ, ಸೌಜನ್ಯವನ್ನು ನೋಡಿ ಅವರು ಬಲೆ ಹೆಣೆದಿದ್ದರು.

“ನಾನು ತುಳುವಿನಲ್ಲಿ ಬರೆದಾಗ ಯಾಕೆ ಉತ್ತರ ಕೊಟ್ಟೆ? ಸಿಕ್ಕಿಬೀಳುತ್ತಿದ್ದಿಯಲ್ಲ.”

“ಸಿಕ್ಕಿಬಿದ್ದೆ” ಎಂದ ಹರ್ಷಿತ್, ಮಡಚದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. “ಕನ್ನಡವನ್ನು ನಮ್ಮ ಮೇಲೆ ಕಾವಲಿದ್ದವರು ಯಂತ್ರಕ್ಕೆ ಹಾಕಿ ಓದುತ್ತಿದ್ದರು. ನಮ್ಮ ತುಳು ಅವರ ತಲೆಗೆ ಹತ್ತಲಿಲ್ಲ, ಆದರೆ ಅಳಿಸಿದ್ದು ಕಂಡಿತು. ಆದರೂ ಟೀಚರೇ, ಒಂದು ವರ್ಷ ಸಾವಿರ ಜನರೊಟ್ಟಿಗೆ ಮಾತಾಡಿದ್ದೇನೆ. ಎಲ್ಲರೂ ಮಾತಾಡಿದ್ದು ಚೈತಾಲಿಯ ಹತ್ತಿರ. ನನ್ನ ಹತ್ತಿರ ನೀವೊಬ್ಬರೇ.”

ಒಳಗೆ ಗುಣವತಿ ಲೋಟಗಳನ್ನು ಇಡುವ ಸದ್ದು ಕೇಳುತ್ತಿತ್ತು.

“ಮೊದಲು ನಿಮ್ಮನ್ನು ಕೇಳಿ ಆ ಫಾರ್ಮು ತುಂಬಿಸಿದ್ದೂ ನಾನೇ” ಎಂದ ಅವನು. “ಅದನ್ನೂ ಹೇಳಬೇಕು.”

“ಹೇಳು. ನನಗೆ ಅಲ್ಲ, ಉಡುಪಿ ಠಾಣೆಯ ಅಭಿರಾಮ್ ಸರ್‌ಗೆ. ಕರೆದುಕೊಂಡು ಹೋದ ಏಜೆಂಟನ ಹೆಸರೂ ಹೇಳು.”

“ಅವನು ನಮ್ಮ ಊರಿನವನೇ. ಈಗಲೂ ಹುಡುಗರನ್ನು ಹುಡುಕುತ್ತಿದ್ದಾನೆ. ಹೆಸರು ಹೇಳಿದರೆ ಇಲ್ಲಿ ಬಾಳಲು ಬಿಡುತ್ತಾರಾ ಅಂತ ಅಮ್ಮನಿಗೆ ಹೆದರಿಕೆ.”

ಗುಣವತಿ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತರು. ಮಗನನ್ನೂ ಟೀಚರನ್ನೂ ಒಮ್ಮೆ ನೋಡಿ, “ಹೆದರಿಕೆ ಉಂಟು” ಎಂದರು. “ಆದರೆ ಬೇರೆಯವರ ಮಗನೂ ಹೋಗುವುದು ಬೇಡ. ಚಾ ಕುಡಿದು ಹೊರಡಿ. ನಾನೂ ಬರುತ್ತೇನೆ.”

ಮೂವರೂ ಹೆದ್ದಾರಿಗೆ ನಡೆದು ಬಂದು ಉಡುಪಿಯ ಬಸ್ಸು ಹತ್ತಿದರು. ಕಿಟಕಿಯ ಬದಿಯ ಸೀಟನ್ನು ಗುಣವತಿ ಮಗನಿಗೆ ಬಿಟ್ಟುಕೊಟ್ಟರು. ಅವನು ಗಾಜು ಸರಿಸಿ, ಗಾಳಿಗೆ ಮುಖವೊಡ್ಡಿ, ಕಟಪಾಡಿ ಬರುವವರೆಗೂ ಹಾಗೆಯೇ ಕುಳಿತಿದ್ದ.